ಅಜ್ಜಿಯ ಕಾಲು ಪಾಲು

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಮೈಸೂರಿನ ನಮ್ಮ ಹೌಸಿಂಗ್ ಸೊಸೈಟಿಯ ಲಿಫ್ಟ್ ಪಕ್ಕ ಕಾರ್ಯದರ್ಶಿಗಳು ಒಂದು ನೋಟಿಸ್ ಅಂಟಿಸಿದರು. ಹೊಸ ಷೇರು ಪತ್ರ ಕೊಡಬೇಕು, ಕ್ರಯಪತ್ರದ ಜೆರಾಕ್ಸು, ಖಾತೆ, ಇ.ಸಿ. ತಂದುಕೊಡಿ ಅಂತ. ಮನೆ ಕೊಂಡವರೇ ಇದ್ದರೆ ಇದು ಅರ್ಧ ಗಂಟೆಯ ಕೆಲಸ. ಮೂಲ ಪತ್ರ ತೋರಿಸಿ ವಾಪಸ್ ತನ್ನಿ. ಕೊಟ್ಟ ಜೆರಾಕ್ಸಿಗೆ ಸ್ವೀಕೃತಿ ಬರೆಸಿಕೊಳ್ಳಿ. ಅಷ್ಟೇ.

ಪೇಚು ಶುರುವಾಗುವುದು ಕೊಂಡವರು ತೀರಿಕೊಂಡಿದ್ದರೆ. ನಮ್ಮ ಮೂರನೇ ಮಹಡಿಯ ಹುಡುಗನದು ಇದೇ ಕಥೆ. ಮನೆ ಅವರಪ್ಪ ಸ್ವಂತ ದುಡಿಮೆಯಲ್ಲಿ ಕೊಂಡದ್ದು, ಉಯಿಲು ಬರೆದಿರಲಿಲ್ಲ. ಸೊಸೈಟಿಯ ಪುಸ್ತಕದಲ್ಲಿ ಮಗನೇ ನಾಮಿನಿ. "ನಾಮಿನಿ ನಾನೇ ಅಲ್ವಾ ಸಾರ್? ನನ್ನ ಹೆಸರಿಗೆ ಬರೆದುಬಿಡಿ" ಅಂದ.

ಬಹಳ ಜನ ಹೀಗೇ ಅಂದುಕೊಂಡಿರುತ್ತಾರೆ. ನಾಮಿನಿ ಅಂದರೆ ಸೊಸೈಟಿ ಯಾರ ಜೊತೆ ವ್ಯವಹಾರ ಮಾಡಬೇಕು ಅಂತ ಸೂಚಿಸುವ ಹೆಸರು. ಸದಸ್ಯತ್ವ ಅವನಿಗೆ ಹೋಗಬಹುದು. ಮನೆಯ ಒಡೆತನ ಮಾತ್ರ ವಾರಸುದಾರರೆಲ್ಲರದು. ಅದನ್ನು ಹಂಚುವ ಅಧಿಕಾರ ಕಾರ್ಯದರ್ಶಿಗಿಲ್ಲ.

ಸರಿ, ಹುಡುಗ ಅಮ್ಮನಿಂದಲೂ ತಂಗಿಯಿಂದಲೂ ಹಕ್ಕು ಬಿಡುಗಡೆ ಪತ್ರ ಬರೆಸಲು ಹೊರಟ. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕು ಅಂತ ಯಾರೋ ಹೇಳಿದ್ದರಂತೆ. ಸಾಲದು. ಮನೆಯ ಹಕ್ಕು ಬಿಟ್ಟುಕೊಡುವ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆದರೆ ಇನ್ನೂ ದೊಡ್ಡ ತಪ್ಪು ಬೇರೆಯೇ ಇತ್ತು. ವಂಶವೃಕ್ಷ ನೋಡುತ್ತಿದ್ದ ಕಾರ್ಯದರ್ಶಿಗಳು, "ನಿಮ್ಮ ತಂದೆಯ ತಾಯಿ ಇದ್ದಾರೇನಪ್ಪ?" ಅಂತ ಕೇಳಿದರು. ಇದ್ದರು, ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ, ಚಿಕ್ಕಪ್ಪನ ಮನೆಯಲ್ಲಿ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ಉಯಿಲಿಲ್ಲದೆ ಸತ್ತರೆ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಗೂ ಸಮಪಾಲು. ಹಾಗಾಗಿ ಇಲ್ಲಿ ನಾಲ್ಕು ಪಾಲು, ಅಜ್ಜಿಯದು ಕಾಲು. ಸೊಸೆ, ಮೊಮ್ಮಕ್ಕಳು ಎಷ್ಟೇ ಸಹಿ ಹಾಕಲಿ, ಆ ಕಾಲು ಪಾಲು ಅಲ್ಲೇ ಉಳಿಯುತ್ತದೆ. ಆಗ ಗೊತ್ತೂ ಆಗುವುದಿಲ್ಲ. ಮುಂದೆ ಮನೆ ಮಾರಲು ಹೋದಾಗ ಕೊಳ್ಳುವವರ ವಕೀಲರು ಹಿಡಿಯುತ್ತಾರೆ.

ಬಿಡುಗಡೆ ಬೇಡ ಅಂದರೆ ನಾಲ್ವರ ಹೆಸರೂ ಜಂಟಿಯಾಗಿ ಬರಲಿ ಅಂತ ಕೇಳಬಹುದಿತ್ತು. ನನಗಂತೂ ಅದೇ ನ್ಯಾಯ ಅನ್ನಿಸಿತ್ತು. ಅಜ್ಜಿ ಒಪ್ಪಲಿಲ್ಲ, "ನನಗ್ಯಾಕಪ್ಪ ಮೈಸೂರಿನ ಮನೆ" ಅಂದರು. ಕಾರಲ್ಲಿ ಕರೆತಂದು ಮೂವರಿಂದಲೂ ಪತ್ರ ನೋಂದಣಿ ಮಾಡಿಸಿದರು. ಆಮೇಲೆ ಖಾತೆ ಬದಲಾಯಿತು, ಷೇರು ಪತ್ರದ ಹಿಂಬದಿಯಲ್ಲಿ ವರ್ಗಾವಣೆಯ ದಿನಾಂಕ ಬಿತ್ತು, ಅಧ್ಯಕ್ಷರು, ಕಾರ್ಯದರ್ಶಿ ಸಹಿ ಹಾಕಿದರು.

ಅಜ್ಜಿ ಪತ್ರ ಮಾಡಿಕೊಡುವ ಮೊದಲೇ ತೀರಿಕೊಂಡಿದ್ದರೆ, ಅವರ ಕಾಲು ಪಾಲು ಅವರ ವಾರಸುದಾರರಿಗೆ ಹೋಗುತ್ತಿತ್ತು. ಹುಡುಗ ಚಿಕ್ಕಪ್ಪನ ಸಹಿಗೆ, ಮೂವರು ಸೋದರತ್ತೆಯರ ಸಹಿಗೆ ಊರೂರು ಅಲೆಯಬೇಕಿತ್ತು.