ಪ್ರೋಗ್ನೋಸಿಸ್ ಎಂದರೇನು?

ಕೇಳುಗರಿಗೆ ನಮಸ್ಕಾರ. ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ‘ಡಯಾಗ್ನೋಸಿಸ್’ ಎಂಬ ಪದದ ಜೊತೆಗೆ ಕೆಲವೊಮ್ಮೆ ‘ಪ್ರೋಗ್ನೋಸಿಸ್’ ಎಂಬ ಇನ್ನೊಂದು ಪದವೂ ಇರುತ್ತದೆ. ಎರಡೂ ಗ್ರೀಕ್ ಮೂಲದವು. ಮೊದಲನೆಯದು ರೋಗವನ್ನು ಬೇರೆ ರೋಗಗಳಿಂದ ಬಿಡಿಸಿ ಗುರುತಿಸುವುದು, ಅಂದರೆ ರೋಗನಿರ್ಣಯ. ಎರಡನೆಯದು ಆ ರೋಗ ಮುಂದೆ ಯಾವ ದಾರಿ ಹಿಡಿಯಬಹುದೆಂಬ ಮುನ್ನರಿವು.

ಒಬ್ಬರು ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸುವಾಗ ನೀರು ಒಂದು ಬದಿಯಿಂದ ಸೋರಿತೆಂದು ಇಟ್ಟುಕೊಳ್ಳೋಣ. ಬಾಯಿ ಸೊಟ್ಟಗಾಗಿದೆ, ಒಂದು ಕಣ್ಣು ಮುಚ್ಚುತ್ತಿಲ್ಲ. ಮನೆಯವರು ಲಕ್ವವೆಂದು ಹೆದರಿ ತಡಮಾಡದೆ ಆಸ್ಪತ್ರೆಗೆ ಕರೆತರುತ್ತಾರೆ, ಅದೇ ಸರಿ. ವೈದ್ಯರು ಹುಬ್ಬು ಮೇಲೆತ್ತಲು ಹೇಳುತ್ತಾರೆ. ಮಿದುಳಿನ ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಹಣೆಯಲ್ಲಿ ಗೆರೆ ಮೂಡುತ್ತದೆ. ಮುಖದ ನರವೇ ಸೋತಿದ್ದರೆ ಆ ಬದಿಯ ಹಣೆ ನುಣ್ಣಗೇ ಉಳಿಯುತ್ತದೆ. ಕೈಕಾಲು, ಮಾತು, ಕಿವಿ ಎಲ್ಲವನ್ನೂ ಪರೀಕ್ಷಿಸಿ, ಬೇರೆ ಕಾರಣ ಕಾಣದಿದ್ದಾಗ ಅವರು ‘ಬೆಲ್ಸ್ ಪಾಲ್ಸಿ’ ಎಂದು ಬರೆಯುತ್ತಾರೆ. ಅಲ್ಲಿಗೆ ಡಯಾಗ್ನೋಸಿಸ್ ಮುಗಿಯಿತು.

ಪ್ರೋಗ್ನೋಸಿಸ್‌ಗೆ ರೋಗದ ಹೆಸರೊಂದೇ ಸಾಲದು. ಡೆನ್ಮಾರ್ಕಿನ ವೈದ್ಯ ಪೈಟರ್ಸನ್ ಅವರು ಈ ತೊಂದರೆಯ 1,701 ರೋಗಿಗಳನ್ನು ಔಷಧವಿಲ್ಲದೆಯೇ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ಚಲನೆ ಅಲ್ಪಸ್ವಲ್ಪವಾದರೂ ಉಳಿದಿದ್ದವರ ಪೈಕಿ ನೂರಕ್ಕೆ 94 ಮಂದಿ ಪೂರ್ತಿ ಗುಣವಾದರು. ಚಲನೆ ಸಂಪೂರ್ಣ ನಿಂತಿದ್ದವರಲ್ಲಿ 61 ಮಂದಿ ಮಾತ್ರ. ರೋಗ ಒಂದೇ, ಮುನ್ನರಿವು ಎರಡು. ಮೊದಲ 72 ಗಂಟೆಗಳೊಳಗೆ ಸ್ಟಿರಾಯ್ಡ್ ಮಾತ್ರೆ ಆರಂಭಿಸಿದರೆ ಚೇತರಿಕೆಯ ಸಾಧ್ಯತೆ ಇನ್ನಷ್ಟು ಹೆಚ್ಚುತ್ತದೆ. ಅಂದರೆ ಪ್ರೋಗ್ನೋಸಿಸ್ ಹಣೆಬರಹವಲ್ಲ, ಚಿಕಿತ್ಸೆಯೊಂದಿಗೆ ಅದೂ ಬದಲಾಗುತ್ತದೆ. ಆದರೆ ಆ ನೂರು ಜನರಲ್ಲಿ ನಮ್ಮವರು ಯಾವ ಗುಂಪಿಗೆ ಸೇರುತ್ತಾರೆಂದು ಈ ಅಂಕಿ ಹೇಳಲಾರದು.

ಇನ್ನು ‘ಗಾರ್ಡೆಡ್’ ಎಂಬ ಮಾತು. ‘ಪ್ರೋಗ್ನೋಸಿಸ್ ಗಾರ್ಡೆಡ್’ ಎಂದು ಓದಿದೊಡನೆ ಆಸೆ ಬಿಟ್ಟವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪರಿಣಾಮವನ್ನು ಈಗಲೇ ಖಚಿತವಾಗಿ ಹೇಳಲಾಗದು, ಎಚ್ಚರಿಕೆಯಿಂದ ಕಾದು ನೋಡಬೇಕು ಎಂಬುದು ಅದರ ಅರ್ಥ. ಸ್ಥಿತಿ ಗಂಭೀರವಿದ್ದಾಗ ಹೀಗೆ ಬರೆಯುವುದು ನಿಜವಾದರೂ, ಚೇತರಿಕೆ ಕಷ್ಟವೆಂದು ತಿಳಿಸಲು ‘ಪೂರ್’ ಎಂಬ ಬೇರೆಯೇ ಪದವಿದೆ. ಆದ್ದರಿಂದ ವೈದ್ಯರನ್ನೇ ಕೇಳಿ: ಯಾವುದು ಖಚಿತವಿಲ್ಲ, ಜೀವವೋ, ಕೈಕಾಲಿನ ಶಕ್ತಿಯೋ? ಎಷ್ಟು ದಿನದಲ್ಲಿ ತಿಳಿದೀತು?

ಅವಧಿಯ ಈ ಪ್ರಶ್ನೆಗೆ ಇನ್ನೊಂದು ಉಪಯೋಗವೂ ಇದೆ. ಬೆಲ್ಸ್ ಪಾಲ್ಸಿಯವರಲ್ಲಿ ಹೆಚ್ಚಿನವರಿಗೆ ಮೂರು ವಾರಗಳೊಳಗೆ ಮುಖದಲ್ಲಿ ಸ್ವಲ್ಪವಾದರೂ ಚಲನೆ ಮರಳುತ್ತದೆ, ಉಳಿದವರಿಗೆ ಕೆಲವು ತಿಂಗಳು ಬೇಕಾಗುತ್ತದೆ. ನಾಲ್ಕು ತಿಂಗಳು ಕಳೆದರೂ ಯಾವ ಚಲನೆಯೂ ಕಾಣದಿದ್ದರೆ, ಅಥವಾ ಸೊಟ್ಟತನ ವಾರವಾರಕ್ಕೂ ಹೆಚ್ಚುತ್ತಿದ್ದರೆ, ವೈದ್ಯರು ನರವನ್ನು ಒತ್ತುವ ಗಡ್ಡೆ ಇದೆಯೇ ಎಂದು ಸ್ಕ್ಯಾನ್ ಮಾಡಿಸಿ, ಮೊದಲು ಬರೆದ ಡಯಾಗ್ನೋಸಿಸ್ಸನ್ನೇ ಮತ್ತೆ ಪರಿಶೀಲಿಸುತ್ತಾರೆ.