ಅರ್ಧ ನೋಟ್‌ಬುಕ್ಕಿನಲ್ಲಿ, ಅರ್ಧ ತಲೆಯಲ್ಲಿ

ಕೇಳುಗರೇ, ನಮಸ್ಕಾರ.

ಪಾಸ್‌ವರ್ಡನ್ನು ಕಾಗದದ ಮೇಲೆ ಬರೆಯಲೇಬಾರದು ಅಂತ ಎಲ್ಲರೂ ಹೇಳುತ್ತಾರೆ. ಆಫೀಸಿನ ಮಟ್ಟಿಗೆ ಅದು ಸರಿ, ಹತ್ತು ಜನ ಓಡಾಡುವ ಕಡೆ ಟೇಬಲ್ಲಿಗೆ ಚೀಟಿ ಅಂಟಿಸಬಾರದು. ಮನೆಯ ಮಾತೇ ಬೇರೆ. ನಿಮ್ಮ ಜಿಮೇಲ್ ಒಳಗೆ ನುಗ್ಗಲು ನೋಡುವವನು ಎಲ್ಲೋ ದೂರದ ಊರಲ್ಲಿ ಕೂತಿರುತ್ತಾನೆ, ಅವನು ಕಲಬುರಗಿಯ ಬ್ರಹ್ಮಪುರಕ್ಕೆ ಬಂದು ನಿಮ್ಮ ಅಲಮಾರಿ ತೆಗೆಯುವುದಿಲ್ಲ. ನೀವು ಒಂದೇ ಪಾಸ್‌ವರ್ಡನ್ನು ಐದಾರು ಕಡೆ ಹಾಕಿದ್ದರೆ ಅವನಿಗೆ ಅಷ್ಟೇ ಸಾಕು. ಯಾವುದೋ ಸಣ್ಣ ಶಾಪಿಂಗ್ ಸೈಟಿನಿಂದ ಅದು ಸೋರಿಹೋದರೆ, ಅದನ್ನೇ ನಿಮ್ಮ ಜಿಮೇಲ್‌ಗೂ ಹಾಕಿ ನೋಡುತ್ತಾನೆ, ಅದೂ ಕೈಯಿಂದ ಅಲ್ಲ, ಪ್ರೋಗ್ರಾಂ ಬರೆದು ಒಂದೇ ಸಲಕ್ಕೆ ಲಕ್ಷಗಟ್ಟಲೆ ಜನರದ್ದು. ಹಾಗಾಗಿ ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಬೇಕು. ಅಷ್ಟೆಲ್ಲ ನೆನಪಿರಲ್ಲ, ಅಲ್ವಾ? ಅದಕ್ಕೇ ನೋಟ್‌ಬುಕ್.

ನಮ್ಮ ಕಡೆ ಈಗ ಬಹಳ ಮನೆಗಳು ಹೀಗಿವೆ: ಅಪ್ಪ ಅಮ್ಮ ಕಲಬುರಗಿಯಲ್ಲಿ, ಮಗಳು ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿ. ಜೆಸ್ಕಾಂ ಬಿಲ್, ಗ್ಯಾಸ್ ಬುಕಿಂಗ್, ಪಿಂಚಣಿಯ ಮೇಲ್ ಎಲ್ಲವೂ ಅಪ್ಪನ ಫೋನಿನಲ್ಲಿ. ಆ ಫೋನ್ ಬಸ್ಸಿನಲ್ಲಿ ಬಿದ್ದುಹೋದರೆ, ಅಥವಾ ಅಪ್ಪನೇ ಆಸ್ಪತ್ರೆ ಸೇರಿದರೆ, ಅಮ್ಮನಿಗೆ ಏನೂ ಗೊತ್ತಿರಲ್ಲ. ಇಂಥ ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಜಿಮೇಲ್ ಪುಟ ಬರೆಯಿರಿ. ಉಳಿದ ಹೆಚ್ಚಿನ ಕಡೆ ಪಾಸ್‌ವರ್ಡ್ ಮರೆತರೆ ಹೊಸದು ಮಾಡಿಕೊಳ್ಳುವ ಲಿಂಕ್ ಬರುವುದು ಈ ಮೇಲ್‌ಗೇ, ಹಾಗಾಗಿ ಇದು ಕೈತಪ್ಪಿದರೆ ಅವೂ ಕೈತಪ್ಪುತ್ತವೆ. ಪುಟದ ತಲೆಯಲ್ಲಿ ಪೂರ್ತಿ ಮೇಲ್ ವಿಳಾಸ. ಅದರ ಕೆಳಗೆ ಯಾವ ಮೊಬೈಲ್ ನಂಬರಿಗೆ ಓಟಿಪಿ ಬರುತ್ತೆ, ಆ ಸಿಮ್ ಯಾರ ಹತ್ತಿರ ಇದೆ ಅಂತ ಬರೆಯಿರಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮಗಳ ಹಳೇ ಕಾಲೇಜಿನ ಸಿಮ್ ನಂಬರ್ ಕೊಟ್ಟಿರುತ್ತಾರೆ, ಅದು ಈಗ ಎಲ್ಲಿದೆಯೋ ಗೊತ್ತಿಲ್ಲ. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ, ಬ್ಯಾಲೆನ್ಸೂ ಇಲ್ಲದೆ ಬಿಟ್ಟರೆ ಕಂಪನಿ ಬಂದ್ ಮಾಡಬಹುದು, ಆಮೇಲೆ ಆ ನಂಬರ್ ಬೇರೆಯವರಿಗೂ ಹೋಗಬಹುದು. ಅಂಥ ನಂಬರ್ ಇದ್ದರೆ ಇವತ್ತೇ ಬದಲಿಸಿ, ಆಮೇಲೆ ಬರೆಯಿರಿ.

ಇನ್ನು ಪಾಸ್‌ವರ್ಡ್. ನ್ಯೂಸ್ ಪೇಪರ್ ತೆರೆದು ಕಣ್ಣು ಮುಚ್ಚಿ ಬೆರಳಿಟ್ಟು, ಸಿಕ್ಕ ಮೂರು ನಾಲ್ಕು ಪದ ತೆಗೆದುಕೊಳ್ಳಿ. ಮೊಮ್ಮಗನ ಹೆಸರು, ಹುಟ್ಟಿದ ತಾರೀಖು ಬೇಡ. ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಗೆರೆ ಹಾಕಿ, ಒಂದು ಸಂಖ್ಯೆ ಸೇರಿಸಿ ಬರೆಯಿರಿ. ಉದಾಹರಣೆಗೆ ಹೀಗೆ:

```
Chatri-togari-58-Nerale
```

ಇಷ್ಟೇ ಪುಸ್ತಕದಲ್ಲಿ ಇರಲಿ. ಆದರೆ ಜಿಮೇಲ್‌ನಲ್ಲಿ ಇಡುವ ನಿಜವಾದ ಪಾಸ್‌ವರ್ಡಿಗೆ ಕೊನೆಯಲ್ಲಿ ಇನ್ನೂ ನಾಲ್ಕೈದು ಅಕ್ಷರದ ಒಂದು ಬಾಲ ಇರಬೇಕು, ಅದನ್ನು ಪುಸ್ತಕದಲ್ಲಿ ಎಲ್ಲೂ ಬರೆಯಬಾರದು. ಎಲ್ಲ ಖಾತೆಗಳಿಗೂ ಬಾಲ ಅದೇ, ಮುಂಭಾಗ ಮಾತ್ರ ಬೇರೆ ಬೇರೆ. ಪುಸ್ತಕ ಕಳ್ಳನ ಕೈಗೆ ಸಿಕ್ಕರೂ ಅವನು ಅದರಲ್ಲಿದ್ದದ್ದನ್ನು ಹಾಕಿದರೆ ತಪ್ಪು ಪಾಸ್‌ವರ್ಡ್ ಅಂತ ಬರುತ್ತೆ, ಒಂದು ಬಾಲ ಇದೆ ಅನ್ನೋದೇ ಅವನಿಗೆ ಗೊತ್ತಿರಲ್ಲ. ನಾನು ಈಗ ಹೇಳಿದ ಉದಾಹರಣೆಯನ್ನೇ ಯಾರೂ ಇಟ್ಟುಕೊಳ್ಳಬೇಡಿ, ಊರೆಲ್ಲ ಕೇಳಿದೆ.

ಬಾಲ ಯಾರಿಗೆ ಗೊತ್ತಿರಬೇಕು? ಅಪ್ಪ, ಅಮ್ಮನಿಗೆ, ಮತ್ತೆ ಹೈದರಾಬಾದಿನ ಮಗಳಿಗೆ. ಪುಸ್ತಕ ಕಲಬುರಗಿಯಲ್ಲೇ ಇರುತ್ತೆ. ವಯಸ್ಸಾದವರು ನಾಳೆ ಬಾಲ ಮರೆತರೂ ಮಗಳಿಗೆ ಫೋನ್ ಮಾಡಿದರೆ ಆಯಿತು. ಆದರೆ ವಾಟ್ಸಾಪಿನಲ್ಲಿ ಬರೆದು ಕಳಿಸಬೇಡಿ, ಹಬ್ಬಕ್ಕೆ ಬಂದಾಗ ಎದುರು ಕೂತು ಬಾಯಲ್ಲೇ ಹೇಳಿ.

ಅದೇ ಪುಟದಲ್ಲಿ ಇನ್ನೊಂದು ವಿಷಯ ಇರಲಿ. ಜಿಮೇಲ್‌ಗೆ ಎರಡು ಹಂತದ ಪರಿಶೀಲನೆ, ಅಂದರೆ ಪಾಸ್‌ವರ್ಡ್ ಆದಮೇಲೆ ಓಟಿಪಿಯನ್ನೂ ಕೇಳುವ ಹಾಗೆ ಹಾಕಿದ್ದರೆ, ಅದರೊಳಗೆ `Backup codes` ಅಂತ ಸಿಗುತ್ತೆ. ಎಂಟು ಅಂಕಿಯ ಹತ್ತು ಕೋಡ್ ಕೊಡುತ್ತಾರೆ. ಫೋನ್ ಕಳೆದಾಗ ಓಟಿಪಿ ಬದಲು ಒಂದು ಕೋಡ್ ಹಾಕಬಹುದು, ಒಂದು ಕೋಡ್ ಒಂದೇ ಸಲ ನಡೆಯುತ್ತೆ. ಬಳಸಿದ್ದಕ್ಕೆ ಗೆರೆ ಎಳೆಯಿರಿ. ಇವನ್ನು ಪೂರ್ತಿ ಬರೆದಿಟ್ಟರೂ ನಡೆಯುತ್ತೆ, ಯಾಕೆಂದರೆ ಪಾಸ್‌ವರ್ಡ್ ಇಲ್ಲದೆ ಕೋಡ್ ಒಂದರಿಂದ ಒಳಗೆ ಹೋಗಲು ಆಗಲ್ಲ, ಪಾಸ್‌ವರ್ಡಿನ ಬಾಲ ಪುಸ್ತಕದಲ್ಲಿ ಇಲ್ಲವಲ್ಲ. ಹೊಸ ಕೋಡ್ ತೆಗೆದರೆ ಹಳೆಯವು ಸತ್ತ ಹಾಗೆ, ಆಗ ಹಳೇ ಪಟ್ಟಿಯನ್ನು ಪೂರ್ತಿ ಹೊಡೆದು ಹಾಕಿ.

ಕೈಬರಹದ ಕಡೆ ಸ್ವಲ್ಪ ಗಮನ ಇರಲಿ. ಸೊನ್ನೆಗೂ `O` ಅಕ್ಷರಕ್ಕೂ, ಒಂದಕ್ಕೂ ಸಣ್ಣ `l`ಗೂ ಗೊಂದಲ ಆಗಿ ಬಾಗಿಲ ಹೊರಗೆ ನಿಲ್ಲುವವರು ಬಹಳ. ಸೊನ್ನೆಯ ನಡುವೆ ಅಡ್ಡಗೆರೆ ಹಾಕಿ, ದೊಡ್ಡ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ಬಾಲ್ ಪೆನ್ನಿನಲ್ಲೇ ಬರೆಯಿರಿ, ನೀರು ತಗುಲಿದರೆ ಜೆಲ್ ಪೆನ್ನಿನ ಶಾಯಿ ಹರಡಿಹೋಗುತ್ತೆ. ಪಾಸ್‌ವರ್ಡ್ ಬದಲಿಸಿದ ದಿನವೇ ಹಳೆಯದನ್ನು ಹೊಡೆದು ಹೊಸದನ್ನು ತಾರೀಖಿನ ಜೊತೆ ಬರೆಯಿರಿ. ಇದೊಂದು ತಪ್ಪಿದರೆ ಪುಸ್ತಕ ಸುಳ್ಳು ಹೇಳೋಕೆ ಶುರು ಮಾಡುತ್ತೆ.

ಯುಪಿಐ ಪಿನ್, ಎಟಿಎಂ ಪಿನ್, ಕಾರ್ಡಿನ ಹಿಂದಿನ ಮೂರು ಅಂಕಿ, ಇವನ್ನು ಮಾತ್ರ ಬರೆಯಬೇಡಿ, ಬಾಲ ಬಿಟ್ಟೂ ಬರೆಯಬೇಡಿ. ನಾಲ್ಕಂಕಿಯಲ್ಲಿ ಬಚ್ಚಿಡಲು ಜಾಗವೇ ಇಲ್ಲ. 2017ರ ಜುಲೈನ ರಿಸರ್ವ್ ಬ್ಯಾಂಕ್ ಸುತ್ತೋಲೆ ಪ್ರಕಾರ, ಗ್ರಾಹಕರ ಅಜಾಗ್ರತೆಯಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಪೂರ್ತಿ ಗ್ರಾಹಕರದೇ.

ಈಗ ಎಲ್ಲಿ ಇಡೋದು. ಅಲಮಾರಿಯ ಲಾಕರ್ ಅಂತ ಎಲ್ಲರಿಗೂ ಮೊದಲು ತೋಚುತ್ತೆ, ಕಳ್ಳನಿಗೂ ಅದೇ ತೋಚುತ್ತೆ. ಅವನು ಬಂಗಾರಕ್ಕೆ ಬಂದು ಪುಸ್ತಕವನ್ನೂ ಎತ್ತಿಕೊಂಡು ಹೋಗುತ್ತಾನೆ. ದೇವರ ಮನೆಯಲ್ಲಿ ದೀಪ, ಎಣ್ಣೆ. ಅಡುಗೆಮನೆಯಲ್ಲಿ ಜಿಡ್ಡು, ಜಿರಳೆ. ನೆಲಕ್ಕೆ ತಾಗಿದ ಟ್ರಂಕಿನ ಕೆಳಗೆ ಇಟ್ಟರೆ ಗೆದ್ದಲು. ಕಂಪ್ಯೂಟರ್ ಪಕ್ಕ, ಲ್ಯಾಪ್‌ಟಾಪ್ ಬ್ಯಾಗಿನಲ್ಲಂತೂ ಬೇಡವೇ ಬೇಡ, ಎರಡೂ ಒಟ್ಟಿಗೇ ಹೋಗುತ್ತವೆ. ನನಗೆ ಸರಿ ಅನಿಸುವುದು ಮನೆ ತೆರಿಗೆ ರಸೀದಿ, ಹಳೇ ಕರೆಂಟ್ ಬಿಲ್ ಇಡುವ ಫೈಲು. ಅದು ಎದೆಯ ಎತ್ತರದ ಕಪಾಟಿನಲ್ಲಿರಲಿ, ಪುಸ್ತಕ ಪ್ಲಾಸ್ಟಿಕ್ ಕವರಿನೊಳಗೆ ಇರಲಿ, ಮೇಲೆ ಏನೂ ಬರೆಯಬೇಡಿ ಅಥವಾ ಹಾಲಿನ ಲೆಕ್ಕ ಅಂತ ಬರೆಯಿರಿ. ಕಳ್ಳ ಅಂಥ ಫೈಲನ್ನು ಮುಟ್ಟೋದು ಕಡಿಮೆ.

ಕಳ್ಳನಿಗಿಂತ ಜಾಸ್ತಿ ಹೆದರಬೇಕಾದದ್ದು ರದ್ದಿಗೆ. ಮಹಾನವಮಿಗೆ ಮನೆ ತೊಳೆಯುವಾಗ ಹಳೇ ಕಾಗದ ಅಂತ ಫೈಲಿನ ಸಮೇತ ತೂಕಕ್ಕೆ ಹಾಕಿಬಿಡುತ್ತಾರೆ. ಅದಕ್ಕೇ ಜಾಗ ಮನೆಯ ಇಬ್ಬರಿಗಾದರೂ ಗೊತ್ತಿರಬೇಕು. ಇನ್ನು ಅನುಕೂಲಕ್ಕೆ ಅಂತ ಪುಟದ ಫೋಟೋ ತೆಗೆದುಕೊಳ್ಳುವವರಿದ್ದಾರೆ, ದಯವಿಟ್ಟು ಬೇಡ. ಬಹಳ ಫೋನುಗಳಲ್ಲಿ ಫೋಟೋ ತಾನಾಗೇ ಇಂಟರ್‌ನೆಟ್ಟಿಗೆ ಏರುತ್ತೆ, ಅದೇ ಜಿಮೇಲ್ ಖಾತೆಗೇ ಏರುತ್ತೆ.

ಪುಸ್ತಕ ಕಾಣೆಯಾದರೆ ಹುಡುಕುತ್ತಾ ಎರಡು ದಿನ ಕಳೆಯಬೇಡಿ. ಬಾಲ ಇದೆ ಅನ್ನೋ ಧೈರ್ಯದಿಂದ ಒಂದು ಸಂಜೆ ಸಿಗುತ್ತೆ, ಅಷ್ಟೇ. ಮೊದಲು ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಹೊಸ ಬಾಲ ಇಡಿ. ಆಮೇಲೆ `Your devices` ಅಂತ ಇರುವ ಕಡೆ ಹೋಗಿ ಗುರುತಿಲ್ಲದ ಫೋನ್, ಕಂಪ್ಯೂಟರ್ ಇದ್ದರೆ ಹೊರಗೆ ಹಾಕಿ, ಹೊಸ ಬ್ಯಾಕಪ್ ಕೋಡ್ ತೆಗೆಯಿರಿ. ಬ್ಯಾಂಕಿನದ್ದು ಎರಡನೆಯದು, ಉಳಿದವು ನಾಳೆ ಮಾಡಿದರೂ ನಡೆಯುತ್ತೆ. ಹಣವೇ ಹೋಗಿದ್ದರೆ ಮಾತ್ರ ಬೇರೆಲ್ಲ ಬಿಟ್ಟು ಮೊದಲು ಬ್ಯಾಂಕಿಗೆ ಮತ್ತೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಮಸ್ಕಾರ.