ಒಂದು ಸಲ ಹುಡುಕಿದರೆ ಸಾಲದು: ಫ್ಯಾಟ್ ಕಾಲಂನಲ್ಲಿ ಅಡಗಿ ಕೂತ ತಪ್ಪು

ಕೇಳುಗರಿಗೆ ನಮಸ್ಕಾರ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಹಾಲಿನ ಡೈರಿಗಳಲ್ಲಿ ಲೆಕ್ಕ ನೋಡಿಕೊಳ್ಳುವ ಕಾರ್ಯದರ್ಶಿಗಳು, ಹಾಲು ಪರೀಕ್ಷಕರು, ಪುಸ್ತಕದ ಲೆಕ್ಕವನ್ನು ಎಕ್ಸೆಲ್‌ಗೆ ಏರಿಸಿಕೊಡುವ ಹುಡುಗರು ಹುಡುಗಿಯರು, ಇವತ್ತಿನ ಮಾತು ನಿಮಗೆ. ಕೈಯಲ್ಲಿ ಒಂದು ಪೆನ್ನು, ಕಾಗದ ಇದ್ದರೆ ಒಳ್ಳೆಯದು.

ಕಾಲಂನಲ್ಲಿ ಹೊಂದಿಕೆಯಾಗದ ಅಂಕಿಯನ್ನು ಹಿಡಿಯಲು ಒಂದು ಸುಲಭ ನಿಯಮವಿದೆ. ಸರಾಸರಿಯಿಂದ ಎರಡು ಮಾನಕ ವಿಚಲನೆಗಿಂತ ದೂರ ಇರುವ ಅಂಕಿಗೆ ಗುರುತು ಹಾಕುವುದು. ಮಾನಕ ವಿಚಲನೆ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್. ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬುದರ ಅಳತೆ. ನಿಯಮ ಒಳ್ಳೆಯದೇ. ಆದರೆ ಬಹಳ ಜನ ಅದನ್ನು ಒಂದೇ ಸಲ ಓಡಿಸಿ, ಸಿಕ್ಕಿದ್ದನ್ನು ತಿದ್ದಿ, ಕಂಪ್ಯೂಟರ್ ಮುಚ್ಚಿಬಿಡುತ್ತಾರೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ತಿದ್ದಿದ ಮೇಲೆ ಮತ್ತೆ ಲೆಕ್ಕ ಹಾಕಿ. ಯಾಕೆ ಅನ್ನುವುದನ್ನು ಅಂಕಿಗಳಲ್ಲೇ ನೋಡೋಣ.

ಬೆಳಗಿನ ಹಾಲು, ಹತ್ತು ಸದಸ್ಯರು, ಎಲ್ಲರದೂ ಸೀಮೆ ಹಸುವಿನ ಹಾಲು ಅಂದುಕೊಳ್ಳಿ. ಎಕ್ಸೆಲ್‌ನಲ್ಲಿ ಕೂತಿರುವ ಫ್ಯಾಟ್ ಅಂಕಿಗಳು ಇವು, ನಿಧಾನವಾಗಿ ಓದುತ್ತೇನೆ: 3.8, 4.1, 3.9, 4.0, 3.7, 4.2, 0.4, 3.9, 4.1, ಕೊನೆಯದು 41. ಎರಡು ತಪ್ಪು ನಿಮ್ಮ ಕಿವಿಗೇ ಬಿದ್ದಿರಬೇಕು. ಕೊನೆಯದರಲ್ಲಿ ಚುಕ್ಕೆ ಬಿಟ್ಟುಹೋಗಿ 4.1 ಹೋಗಿ 41 ಆಗಿದೆ. ಏಳನೆಯದರಲ್ಲಿ 4.0 ಬೆರಳು ತಪ್ಪಿ 0.4 ಆಗಿದೆ. ಹತ್ತು ಸಾಲಿದ್ದರೆ ಕಣ್ಣಿಗೇ ಕಾಣುತ್ತದೆ, ನಿಜ. ಮುನ್ನೂರು ಸಾಲಿದ್ದರೆ ಕಾಣುವುದಿಲ್ಲ, ಅದಕ್ಕೇ ನಿಯಮ.

ಈಗ ನಿಯಮ ಓಡಿಸೋಣ. ಹತ್ತರ ಸರಾಸರಿ 7.31. ಮಾನಕ ವಿಚಲನೆ 11.89, ಅದರ ಎರಡು ಪಟ್ಟು 23.78. ಸರಾಸರಿಗೆ ಅದನ್ನು ಕೂಡಿದರೆ ಮೇಲಿನ ಗಡಿ 31.09. ಕಳೆದರೆ ಕೆಳಗಿನ ಗಡಿ ಮೈನಸ್ 16.47. 41 ಗಡಿ ದಾಟಿದೆ, ಸಿಕ್ಕಿಬಿತ್ತು. 0.4? ಅದು ಗಡಿಯ ಒಳಗೇ ಹಾಯಾಗಿ ಕೂತಿದೆ.

ಹೀಗೇಕಾಯಿತು ಅಂದರೆ, ಮಾನಕ ವಿಚಲನೆಯ ಲೆಕ್ಕದಲ್ಲಿ ಪ್ರತಿ ಅಂಕಿ ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ, ಆ ದೂರದ ವರ್ಗ ಮಾಡಿ ಕೂಡುತ್ತೇವೆ. ಆಮೇಲೆ ಒಟ್ಟು ಸಂಖ್ಯೆಗಿಂತ ಒಂದು ಕಡಿಮೆಯಿಂದ, ಇಲ್ಲಿ 9ರಿಂದ, ಭಾಗಿಸಿ ವರ್ಗಮೂಲ ತೆಗೆಯುತ್ತೇವೆ. 41 ಸರಾಸರಿಯಿಂದ 33.69 ದೂರ, ಅದರ ವರ್ಗ ಸುಮಾರು 1135. ಹತ್ತೂ ವರ್ಗಗಳ ಮೊತ್ತ ಸುಮಾರು 1273. ಅಂದರೆ ಇಡೀ ಅಳತೆಯ ಹತ್ತರಲ್ಲಿ ಒಂಬತ್ತು ಪಾಲು ಆ ಒಂದು ತಪ್ಪಿನದೇ. ಅಳೆಯುವ ಕೋಲನ್ನೇ ಅದು ಹಿಗ್ಗಿಸಿಬಿಟ್ಟಿದೆ. ಹಿಗ್ಗಿದ ಕೋಲಿಗೆ 0.4 ದೂರ ಅನ್ನಿಸುವುದೇ ಇಲ್ಲ.

ಈಗ ಚೀಟಿ ನೋಡಿ 41ನ್ನು 4.1 ಮಾಡಿ. ಇಲ್ಲಿ ನಿಲ್ಲಬೇಡಿ, ಮತ್ತೆ ಲೆಕ್ಕ ಹಾಕಿ. ಸರಾಸರಿ 3.62ಕ್ಕೆ ಇಳಿಯಿತು, ಮಾನಕ ವಿಚಲನೆ 1.14ಕ್ಕೆ ಕುಗ್ಗಿತು. ಗಡಿಗಳು 1.34ರಿಂದ 5.90. ಈಗ 0.4 ಹೊರಗೆ ಬಿತ್ತು! ಅದನ್ನೂ ಚೀಟಿ ನೋಡಿ 4.0 ಮಾಡಿ, ಮೂರನೇ ಸಲ ಲೆಕ್ಕ ಹಾಕಿ. ಸರಾಸರಿ 3.98, ಗಡಿಗಳು 3.67ರಿಂದ 4.29. ಯಾವುದಕ್ಕೂ ಗುರುತಿಲ್ಲ. ಈಗ ಮುಚ್ಚಿ ಕಂಪ್ಯೂಟರ್.

ಒಂದೇ ಸಲಕ್ಕೆ ನಿಲ್ಲಿಸಿದ್ದರೆ ಯಾರಿಗೆ ನಷ್ಟ, ಯೋಚಿಸಿ. 41ರ ತಪ್ಪು ಸಂಘದ ದುಡ್ಡಿನದು, ಅದು ಹೇಗೂ ಸಿಗುತ್ತದೆ. 0.4ರ ತಪ್ಪು ಹಾಲು ಹಾಕಿದವರ ದುಡ್ಡಿನದು. ಜಿಡ್ಡಿನ ಮೇಲೆ ದರ ಕಟ್ಟುವಾಗ ಆ ಮನೆಯ ಬೆಳಗಿನ ಹಾಲಿಗೆ ಬೆಲೆಯೇ ಇಲ್ಲದಂತಾಗುತ್ತದೆ. ಅದು ಅಡಗಿ ಉಳಿಯಲೇಬಾರದು.

ಇದಕ್ಕಿಂತ ಕೆಟ್ಟ ಸಂದರ್ಭ ಒಂದಿದೆ. ಅದೇ ಹತ್ತು ಸಾಲಿನಲ್ಲಿ ಎರಡು ಕಡೆ ಚುಕ್ಕೆ ಬಿಟ್ಟುಹೋಗಿ ಒಂದು 41, ಇನ್ನೊಂದು 42 ಆಗಿದ್ದರೆ? ಒಂದಕ್ಕೂ ಗುರುತು ಬೀಳುವುದಿಲ್ಲ. ಎರಡೂ ಸೇರಿ ಸರಾಸರಿಯನ್ನು ಮೇಲೆಳೆದು, ಕೋಲನ್ನು ಹಿಗ್ಗಿಸಿ, ಒಂದನ್ನೊಂದು ಮರೆಮಾಡುತ್ತವೆ. ಆದ್ದರಿಂದ ಗುರುತು ಬಿದ್ದಿಲ್ಲವೆಂದ ಮಾತ್ರಕ್ಕೆ ಸರಿಯಿದೆ ಅಂದುಕೊಳ್ಳಬೇಡಿ, ಗಡಿಗಳನ್ನೂ ನೋಡಿ. ಕೆಳಗಿನ ಗಡಿ ಮೈನಸ್‌ಗೆ ಹೋಗಿದೆಯೇ? ಹಾಲಿನ ಜಿಡ್ಡು ಮೈನಸ್ ಆಗಲು ಸಾಧ್ಯವೇ? ಅಂಥ ಗಡಿ ಬಂತೆಂದರೆ ಕಾಲಂನಲ್ಲಿ ದೊಡ್ಡ ತಪ್ಪು ಕೂತಿರಬಹುದು. ಇನ್ನೊಂದು ಸುಳಿವು ಮಧ್ಯಾಂಕ. ಅಂಕಿಗಳನ್ನು ಸಾಲಾಗಿ ಜೋಡಿಸಿದಾಗ ನಡುವೆ ಬರುವುದು ಅದು. ನಮ್ಮ ಮೊದಲ ಪಟ್ಟಿಯಲ್ಲಿ ಮಧ್ಯಾಂಕ 3.95, ಸರಾಸರಿ 7.31. ಎರಡರ ನಡುವೆ ಅಷ್ಟು ಅಂತರ ಇದ್ದರೆ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ ನಾಲ್ಕು, ಕೆಳಗಿನ ನಾಲ್ಕು ಸಾಲನ್ನು ಕಣ್ಣಾರೆ ನೋಡಿಬಿಡಿ.

ಎಕ್ಸೆಲ್‌ನಲ್ಲಿ ಬಿ ಕಾಲಂನ 2ನೇ ಸಾಲಿನಿಂದ 11ನೇ ಸಾಲಿನವರೆಗೆ ಫ್ಯಾಟ್ ಇದ್ದರೆ, ಸಿ ಕಾಲಂನಲ್ಲಿ ಇದನ್ನು ಬರೆದು ಕೆಳಕ್ಕೆ ಎಳೆಯಿರಿ:

```
=IF(B2="","",IF(ABS(B2-AVERAGE(B$2:B$11))>2*STDEV.S(B$2:B$11),"ನೋಡಿ",""))
```

ಡಾಲರ್ ಗುರುತು ಬಿಡಬೇಡಿ. ಬಿಟ್ಟರೆ ಸೂತ್ರ ಕೆಳಗೆ ಇಳಿದ ಹಾಗೆ ಪಟ್ಟಿಯೂ ಜಾರುತ್ತದೆ, ಒಂದೊಂದು ಸಾಲಿಗೆ ಒಂದೊಂದು ಸರಾಸರಿ ಬರುತ್ತದೆ. ಹಾಲು ಹಾಕದವರ ಮುಂದೆ ಸೊನ್ನೆ ಬರೆಯಬೇಡಿ, ಖಾಲಿ ಬಿಡಿ. ಸೊನ್ನೆ ಲೆಕ್ಕಕ್ಕೆ ಸೇರಿ ಸರಾಸರಿಯನ್ನು ಕೆಳಕ್ಕೆ ಎಳೆಯುತ್ತದೆ, ಖಾಲಿ ಸಾಲನ್ನು ಸೂತ್ರ ತಾನೇ ದಾಟಿಕೊಂಡು ಹೋಗುತ್ತದೆ. ತಿದ್ದಿದ ಕೂಡಲೇ ಎಕ್ಸೆಲ್ ಹೊಸ ಲೆಕ್ಕ ಹಾಕುತ್ತದೆ. ನೀವು ಮಾಡಬೇಕಾದ್ದು ಸಿ ಕಾಲಂನ ಮೇಲೆ ಇನ್ನೊಮ್ಮೆ ಕಣ್ಣಾಡಿಸುವುದು, ಅಷ್ಟೇ. ಅದನ್ನೇ ಜನ ಮಾಡುವುದಿಲ್ಲ.

ಮತ್ತೆ ಮತ್ತೆ ಅಂದೆನೆಂದು ಗುರುತು ಬಿದ್ದದ್ದನ್ನೆಲ್ಲ ಅಳಿಸುತ್ತ ಹೋಗಬೇಡಿ. ನಿಜವಾದ ಅಂಕಿಯನ್ನು ಅಳಿಸಿದರೆ ಗಡಿ ಇನ್ನಷ್ಟು ಬಿಗಿಯಾಗುತ್ತದೆ, ಆಗ ಇನ್ನೊಂದು ನಿಜವಾದ ಅಂಕಿ ಹೊರಗೆ ಬೀಳಬಹುದು, ಹೀಗೇ ಮುಂದುವರಿಯುತ್ತ ಹೋಗಬಹುದು. ಅಂಕಿಗಳು ಗಂಟೆಯಾಕಾರದಲ್ಲಿ ಹರಡಿದ್ದರೆ, ಒಂದೂ ತಪ್ಪಿಲ್ಲದೆಯೂ ನೂರಕ್ಕೆ ನಾಲ್ಕೈದು ಈ ಗಡಿಯ ಹೊರಗಿರುತ್ತವೆ. ಮುನ್ನೂರು ಸದಸ್ಯರಿದ್ದರೆ ಸುಮಾರು ಹದಿನಾಲ್ಕು. ಚೀಟಿಯಲ್ಲಿ ತಪ್ಪು ಖಾತ್ರಿಯಾದದ್ದನ್ನು ಮಾತ್ರ ತಿದ್ದಿ. ಉಳಿದ ಗುರುತುಗಳೆಲ್ಲ ಚೀಟಿಗೆ ತಾಳೆಯಾದವು ಅಂದರೆ ಅಲ್ಲಿಗೆ ನಿಲ್ಲಿಸಿ.

ಸಮಯ ಮುಗಿಯುತ್ತ ಬಂತು, ಎರಡು ಮಾತು ಬೇಗ ಹೇಳಿಬಿಡುತ್ತೇನೆ. ಕಾಲಂನಲ್ಲಿ ಐದೇ ಅಂಕಿ ಇದ್ದರೆ ಈ ನಿಯಮ ಏನನ್ನೂ ಹಿಡಿಯುವುದಿಲ್ಲ. ನಾಲ್ಕು ಸಾಲಿನಲ್ಲಿ 4 ಇಟ್ಟು ಐದನೆಯದರಲ್ಲಿ 4000 ಬರೆದರೂ ಅದು ಸರಾಸರಿಯಿಂದ 1.79 ಮಾನಕ ವಿಚಲನೆಯಷ್ಟೇ ದೂರ ನಿಲ್ಲುತ್ತದೆ. ಬೇಕಿದ್ದರೆ ಇವತ್ತೇ ಹಾಕಿ ನೋಡಿ. ಇನ್ನು ಎಮ್ಮೆ ಹಾಲು. ಅದರ ಜಿಡ್ಡು ಆರು, ಏಳು ಇರುವುದು ಸಹಜ. ಹಸುವಿನ ಹಾಲಿನ ಜೊತೆ ಒಂದೇ ಕಾಲಂನಲ್ಲಿ ಸೇರಿಸಿದರೆ ಒಳ್ಳೆಯ ಹಾಲು ತಂದವರ ಹೆಸರಿನ ಮುಂದೆಯೇ ದಿನಾ ಗುರುತು ಬೀಳಬಹುದು. ಎಮ್ಮೆಗೆ ಬೇರೆ ಕಾಲಂ ಮಾಡಿ, ಅದಕ್ಕೆ ಬೇರೆ ಸರಾಸರಿ, ಬೇರೆ ಗಡಿ. ನಮಸ್ಕಾರ.